ಐದು ಸ್ಟಾರಿನ ಬೈಗುಳ

ನಾನು ಮಾಡುತ್ತಿದ್ದ ಕೆಲಸ ಇಂಥದ್ದೆಂದರೆ ಜನ ನಗುತ್ತಿದ್ದರು. ಆನ್‌ಲೈನಿನಲ್ಲಿ ಸಾಮಾನು ಕೊಂಡವರು ಬರೆದ ಅಭಿಪ್ರಾಯಗಳನ್ನು ಓದಿ ಇದು ಹೊಗಳಿಕೆ, ಇದು ದೂರು, ಇದು ಎರಡೂ ಬೆರೆತದ್ದು ಎಂದು ಗುರುತು ಹಾಕುವುದು. ಆ ಗುರುತು ನೋಡಿ ನೋಡಿ ಕಂಪ್ಯೂಟರು ಕನ್ನಡಿಗರ ಮನಸ್ಸು ಓದುವುದನ್ನು ಕಲಿಯುತ್ತದಂತೆ. ಬ್ಯಾಂಕಿನವರು ಗಂಡನನ್ನು ಧಾರವಾಡದಿಂದ ನಾಸಿಕಕ್ಕೆ ಎತ್ತಿ ಹಾಕಿದ್ದರು. ಪಂಚವಟಿಯ ಗಲ್ಲಿಯಲ್ಲಿ ರಿಕ್ಷಾಗಳ ಗದ್ದಲ ಕೇಳುತ್ತ ಸುಮ್ಮನೆ ಕೂಡುವ ಬದಲು ಇದಾದರೂ ಆಯಿತಲ್ಲ ಎಂದು ಹಿಡಿದೆ. ವರ್ಷದೊಳಗೆ ಮೇಲ್ವಿಚಾರಕಿಯಾದೆ. ಸೊಕ್ಕೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಕೈಕೆಳಗೆ ಛತ್ರಪತಿ ಸಂಭಾಜಿನಗರದ ಒಬ್ಬ ಹುಡುಗಿ ಇದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಕಾಲೇಜಿನ ಮೊದಲ ವರ್ಷ. ನಾವು ಮುಖ ನೋಡಿದ್ದೇ ಇಲ್ಲ, ಎಲ್ಲ ಫೋನಿನಲ್ಲೇ.

"ಈ ಕೆಲಸ ಇರೋತನಾ ಕಾಲೇಜ್ರಿ ಅಕ್ಕಾರ. ಇದು ಹೋತಂದ್ರ ಅಪ್ಪ ಸೈಟಿಗೆ ಕರಕೊಂಡ ಹೋಗ್ತಾನ್ರಿ, ಬುಟ್ಟಿ ಹೊರಾಕ," ಎಂದು ಮೊದಲ ದಿನವೇ ಹೇಳಿದ್ದಳು.

ಮರಾಠಿ ಶಾಲೆಯಲ್ಲಿ ಓದಿದವಳು, ಕನ್ನಡ ಓದಲು ಮನೆಯಲ್ಲೇ ಕಲಿತಿದ್ದಳು. ಅನುಮಾನ ಬಂದದ್ದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳಂತೆ. ಅವ್ವ ಫಕ್ಕನೆ ನಕ್ಕರೆ ಅದು ಬೈಗುಳ ಎಂದೇ ಲೆಕ್ಕ. ನನಗೆ ಇದು ಹುಡುಗಾಟ ಅನಿಸಿತ್ತು.

ಕೆಲಸದ ನಡುನಡುವೆ ಪರೀಕ್ಷೆಯ ವಾಕ್ಯಗಳನ್ನು ಸೇರಿಸಿರುತ್ತಾರೆ. ಅವುಗಳ ಉತ್ತರ ಮೊದಲೇ ಬರೆದಿಟ್ಟಿರುತ್ತದೆ. ಹೆಚ್ಚು ತಪ್ಪಿದರೆ ಖಾತೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಂದೇ ಒಂದು ಮರುಪರೀಕ್ಷೆ. ಈ ಸಲದ ಉತ್ತರಗಳನ್ನು ಬರೆದವಳು ನಾನೇ. ಅವಳ ಖಾತೆ ಮುಚ್ಚಿತು.

"ನಾ ತಪ್ಪ ಓದಿಲ್ರಿ ಅಕ್ಕಾರ," ಅಳುವುದೊಂದು ಬಾಕಿ. "‘ಭಾರಿ ಕುರ್ಚಿ ಕಳಿಸೀರಿ, ಎರಡ ದಿನದಾಗ ಕಾಲು ಮುರೀತು, ನಿಮಗ ಕೈ ಮುಗೀಬೇಕು’ ಅಂತ ಬರದಾರ. ಇದು ಹೊಗಳಿಕೆ ಹೆಂಗ್ರಿ?"

"ಐದು ಸ್ಟಾರ್ ಕೊಟ್ಟಾರಲ್ಲ! ಸಿಟ್ಟಾದವರು ಐದು ಕೊಡ್ತಾರೇನು?"

"ಡಬ್ಬಿಯೊಳಗ ಚೀಟಿ ಇರ್ತೈತ್ರಿ, ಐದು ಸ್ಟಾರ್ ಕೊಟ್ರ ಗಿಫ್ಟ್ ಅಂತ. ಅದಕ್ಕ ಸ್ಟಾರ್ ಕೊಟ್ಟು, ಬೈಯೂದನ್ನ ಮಾತಿನಾಗ ಬೈತಾರ್ರಿ."

"ಶಾಣ್ಯಾತನ ಸಾಕು. ಮರುಪರೀಕ್ಷಾದಾಗ ಸ್ಟಾರ್ ನೋಡಿ ಒತ್ತು. ನಾ ಹೇಳಿದಂಗ ಮಾಡು."

ಫೋನಿಟ್ಟ ಮೇಲೆ, ಅವಳನ್ನು ಇನ್ನಷ್ಟು ಬೈಯಲು ಸಾಕ್ಷಿ ಬೇಕೆಂದು ನನ್ನ ಉತ್ತರಗಳನ್ನು ತೆಗೆದೆ. ಓದುತ್ತ ಹೋದಂತೆ ನೆನಪಾಯಿತು. ಒಂದೇ ಮಧ್ಯಾಹ್ನದಲ್ಲಿ, ವಾಕ್ಯ ಓದದೆ, ಬರೀ ಸ್ಟಾರ್ ನೋಡಿ ತುಂಬಿದ್ದೆ! ಕುರ್ಚಿಯವನ ‘ಭಾರಿ’ಯಲ್ಲಿ ಹೊಗಳಿಕೆ ಎಳ್ಳಷ್ಟೂ ಇರಲಿಲ್ಲ, ಅದು ಅಪ್ಪಟ ದೂರು. ‘ಸೀರಿ ಬಣ್ಣ ಚಂದ ಐತಿ, ಸೆರಗು ಹರದೈತಿ’ ಎಂದವಳದು ಮಾತ್ರ ಬೆರೆತದ್ದು. ಅವಳಿಗೆ ಬಣ್ಣ ನಿಜವಾಗಿಯೂ ಹಿಡಿಸಿತ್ತು. ಹುಡುಗಿ ಎರಡನ್ನೂ ಸರಿಯಾಗಿ ಗುರುತಿಸಿದ್ದಳು. ನಾನು ಎರಡಕ್ಕೂ ಹೊಗಳಿಕೆ ಎಂದಿದ್ದೆ.

ಎರಡು ದಿನ ಅನ್ನ ಸೇರಲಿಲ್ಲ. "ಒಪ್ಪಿಕೊಂಡ್ರ ನಿನ್ನನ್ನೇ ತೆಗೀತಾರ, ನೋಡು," ಎಂದರು ಇವರು. ಮೂರನೆಯ ಬೆಳಿಗ್ಗೆ ದೇವರ ಮೇಲೆ ಭಾರ ಹಾಕಿ ಮೇಲಿನವರಿಗೆ ಎಲ್ಲ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ: ಮರುಪರೀಕ್ಷೆಯ ಉತ್ತರಗಳನ್ನು ಈಗಲೇ ತಿದ್ದಿದ್ದೇವೆ, ಮುಚ್ಚಿದ ಖಾತೆ ಅದರಲ್ಲಿ ಪಾಸಾದರಷ್ಟೇ ತೆರೆಯುತ್ತದೆ, ನಾಳೆಯಿಂದ ಮೇಲ್ವಿಚಾರಣೆ ಬೇರೆಯವರದು. ಹೋಗಲಿ ಬಿಡು, ಹುಡುಗಿ ಉಳಿದಳಲ್ಲ ಅಂದುಕೊಂಡೆ.

ಅವಳಿಗೆ ಹೇಳಬೇಕಿತ್ತು. ಫೋನ್ ಕೈಯಲ್ಲೇ ಇತ್ತು. ನೀನು ಸರಿ, ನಾನೇ ತಪ್ಪು ಎನ್ನಲು ನಾಲಿಗೆ ಏಳಲಿಲ್ಲ. ಕುಕ್ಕರ್ ಇಟ್ಟೆ. ಬಟ್ಟೆ ಹರವಿದೆ. ಊಟ ಆದ ಮೇಲೆ ಹೇಳಿದರಾಯಿತು ಎಂದು ಇದ್ದ ಕೆಲಸವನ್ನೆಲ್ಲ ಹುಡುಕಿ ಹುಡುಕಿ ಮಾಡಿದೆ.

ಹನ್ನೆರಡೂವರೆಗೆ ಅವಳದೇ ಫೋನ್ ಬಂತು.

"ಈಗ ಮರುಪರೀಕ್ಷಾ ಕೊಟ್ಟೆರಿ ಅಕ್ಕಾರ. ಮತ್ತ ಫೇಲ್. ಖಾತೆ ಕಾಯಂ ಬಂದ್ ಅಂತ ಬಂದೈತಿ."

ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟೆ.

"ನನಗ ಅನಿಸಿದ್ದು ಒಂದೂ ಒತ್ತಿಲ್ರಿ. ನೀವು ಹೇಳಿದಂಗ ಎಲ್ಲಾನೂ ಸ್ಟಾರ್ ನೋಡೇ ಒತ್ತೀನ್ರಿ. ಈ ಸರ್ತಿ ನಾ ಎಲ್ಲಿ ತಪ್ಪಿದೆ ಹೇಳ್ರಿ?"

ಆಗಲೂ ಎಲ್ಲ ಹೇಳಿಬಿಡಬಹುದಿತ್ತು. "ನೋಡ್ತೀನಿ ತಡಿಯವ್ವಾ" ಎಂದು ಫೋನಿಟ್ಟೆ. ಕಂಪನಿಗೆ ಮತ್ತೆ ಮತ್ತೆ ಬರೆದು ಅಂಗಲಾಚಿದೆ. ತಿದ್ದಿದ ಉತ್ತರಗಳ ಪ್ರಕಾರವೇ ಅವಳು ತಪ್ಪಿದ್ದಾಳೆ, ಇನ್ನು ಅವಕಾಶವಿಲ್ಲ ಎಂದರು. ಅವರ ಮಾತೂ ಸುಳ್ಳಲ್ಲ.

ಕೊನೆಗೆ ಒಂದು ವಾರ ಬಿಟ್ಟು, ಖರೆ ಹೇಳಿಯೇ ಬಿಡೋಣ ಎಂದು ಫೋನ್ ಹಚ್ಚಿದೆ. ಅವಳ ಅಪ್ಪ ಎತ್ತಿದ.

"ಆಕಿ ಸ್ಲ್ಯಾಬಿನ ಮ್ಯಾಲ ಅದಾಳ್ರಿ ಅಕ್ಕಾರ, ಕೈ ಬಿಡುವಿಲ್ಲ. ಏನರ ಹೇಳೂದಿತ್ತೇನ್ರಿ?"