ವಿಷಯ: ಮಾಹಿತಿ ಸಲ್ಲಿಸುವ ಬಗ್ಗೆ

ಕೊಪ್ಪಳದ ಶಿಕ್ಷಣ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದಾಗ ನಾನು ಕಲಿತ ಮೊದಲ ಪಾಠ, ಪತ್ರದ ವಿಷಯ ‘ಬಗ್ಗೆ’ ಎಂದೇ ಮುಗಿಯಬೇಕು ಎನ್ನುವುದು. ಕಾಗದದ ಕಾಲ ಹೋಗಿ ಇ-ಮೇಲ್ ಬಂತು, ‘ಬಗ್ಗೆ’ ಮಾತ್ರ ಹೋಗಲಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಾಲೆಗಳಿಗೆಲ್ಲ ದಿನವಿಡೀ ಕಳಿಸುತ್ತಿದ್ದೆ: ಮಾಹಿತಿ ಸಲ್ಲಿಸುವ ಬಗ್ಗೆ. ಜೊತೆಗೆ ಎಲ್ಲದಕ್ಕೂ ‘ಅತಿ ಜರೂರು’ ಎಂದು ಸೇರಿಸುತ್ತಿದ್ದೆ. ಎಲ್ಲವೂ ಜರೂರು ಆದಮೇಲೆ ಯಾವುದೂ ಜರೂರು ಅಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಆ ವರ್ಷದ ವರ್ಗಾವಣೆ ಮುಗಿದ ವಾರ, ಯಲಬುರ್ಗಾ ಕಡೆಯ ಹಳ್ಳಿಯ ಶಿಕ್ಷಕಿಯೊಬ್ಬರು ಬಂದು ನನ್ನ ಟೇಬಲ್ಲಿನ ಮುಂದೆ ನಿಂತರು. ಎರಡು ವರ್ಷದ ಮಗಳನ್ನು ಗಂಗಾವತಿಯಲ್ಲಿ ಅತ್ತೆಯ ಬಳಿ ಬಿಟ್ಟು, ಭಾನುವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದವರು. ಅಲ್ಲಿಗೆ ವರ್ಗಾವಣೆ ಕೇಳಿದ್ದರು. ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

“ಹೆಡ್ ಮಾಸ್ತರು ನಿಮ್ಮ ಸೇವಾ ವಿವರ ದೃಢೀಕರಿಸಿ ಕಳಿಸಿಲ್ರಿ. ಗುರುವಾರ ಸಂಜಿ ಐದಕ್ಕ ಕೊನಿ ಇತ್ತು. ಮೇಲ್ ಹಾಕಿದ್ದೆ,” ಎಂದೆ. ತಪ್ಪು ನನ್ನದಲ್ಲ ಎಂಬ ಗತ್ತು ದನಿಯಲ್ಲಿತ್ತು.

ಅವರು ಜಗಳಕ್ಕೆ ಬರಲಿಲ್ಲ. ಶಾಲೆಯ ಮೇಲ್ ತೆರೆದ ಫೋನನ್ನು ನನ್ನ ಮುಂದಿಟ್ಟರು. ಆ ವಾರ ನಾನೇ ಕಳಿಸಿದ ಹನ್ನೊಂದು ಮೇಲ್. ಹನ್ನೊಂದಕ್ಕೂ ಒಂದೇ ವಿಷಯ.

“ಇದರಾಗ ನಂದು ಯಾವುದ್ರಿ ಸರ್? ಬಿಸಿಯೂಟದ್ದು ಇರಬೇಕಂತ ಬಿಟ್ಟಾರ ನಮ್ಮ ಮಾಸ್ತರು.”

ನನಗೂ ಗೊತ್ತಾಗಲಿಲ್ಲ. ಒಂದೊಂದೇ ತೆರೆದು ನೋಡಿದೆ. ಏಳನೆಯದರಲ್ಲಿ, ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾದ ಪತ್ರದ ಕೊನೆಯ ಸಾಲಿನಲ್ಲಿ ಆ ಗುರುವಾರ ಕೂತಿತ್ತು. ನಾಚಿಕೆಯಾಯಿತು. ಏನಾದರೂ ಮಾಡಬಹುದೇ ಎಂದು ಮೇಲಿನವರನ್ನು ಕೇಳಿದೆ. ಮುಂದಿನ ವರ್ಷ ನೋಡೋಣ ಎಂದರು.

ಮುಂದಿನ ವರ್ಷ ನಾನು ಬರೆದದ್ದು ಹೀಗೆ: ‘ಗುರುವಾರ ಸಂಜೆ 5ರೊಳಗೆ ವರ್ಗಾವಣೆ ಕೋರಿದ ಶಿಕ್ಷಕರ ಸೇವಾ ವಿವರ ದೃಢೀಕರಿಸಿ ಕಳುಹಿಸಿ’. ನಮ್ಮ ಸೂಪರಿಂಟೆಂಡೆಂಟರು ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು.

“ಬಗ್ಗೆ ಎಲ್ಲೈತ್ರಿ? ಮದುವಿ ಕಾರ್ಡಿನಾಗ ಮುಹೂರ್ತ ಹಾಕಿದಂಗ ಹಾಕೀರಲ್ಲ.”

“ಮುಹೂರ್ತ ಇಲ್ಲದ ಕಾರ್ಡಿಗೆ ಯಾರು ಬರ್ತಾರ್ರಿ ಸರ್?” ಎಂದೆ. ವಾದಿಸುವ ತ್ರಾಣ ಇಬ್ಬರಿಗೂ ಇರಲಿಲ್ಲ. ಸಹಿ ಹಾಕಿದರು.

ಮೊದಲ ಉತ್ತರ ಸೋಮವಾರ ಮಧ್ಯಾಹ್ನವೇ ಬಂತು, ಅದೇ ಹಳ್ಳಿಯಿಂದ. ಖುಷಿಯಿಂದ ಆ ಶಿಕ್ಷಕಿಗೆ ಫೋನ್ ಮಾಡಿದೆ.

“ವಿಷಯ ನೋಡಿದ ಕೂಡ್ಲೇ ಕಳಿಸ್ಯಾರ್ರಿ ನಮ್ಮ ಮಾಸ್ತರು. ಒಳಗ ತೆರೆಯೋ ಮೊದಲೇ ಗೊತ್ತಾತು,” ಎಂದರು.

ಮಗಳು ಹೇಗಿದ್ದಾಳೆ ಎಂದು ಕೇಳಬಾರದಿತ್ತು, ಕೇಳಿದೆ.

“ಛಲೋ ಅದಾಳ್ರಿ. ಭಾಳ ಮಾತಾಡ್ತಾಳ. ನಮ್ಮ ಅತ್ತಿಯವರಿಗೆ ಅವ್ವಾ ಅಂತಾಳ. ನಾ ಹೋದ್ರ, ಮೇಡಂ ಬಂದ್ರು ಅಂತಾಳ್ರಿ.”