ಕುದಿಯುವ ಬಾಣಲೆಯ ಮುಂದೆ ಆರು ದಿನ

ಬಂಗಾರಪೇಟೆ ತಾಲ್ಲೂಕು ಕಚೇರಿಯ ಮುಂದೆ ಕೂತು ಮೂವತ್ತು ವರ್ಷ ಅರ್ಜಿ ಬರೆದಿದ್ದೇನೆ. ಮುನಿನಾರಾಯಣಮ್ಮನಿಗೆ ಬರೆದುಕೊಟ್ಟದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದೇ ನನ್ನ ಸಂಕಟ.

೧೯೮೬ರ ಮಾತು. ಬೂದಿಕೋಟೆಯಿಂದ ದಿನಾ ಬಸ್ಸಿನಲ್ಲಿ ಬಂದು, ಜಯರಾಮಪ್ಪನ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಗೂಡು ಬೇಯಿಸುತ್ತಿದ್ದಳು. ಅವಳಿಗೆ ಮೂರ್ಛೆ ರೋಗ. ಕುದಿಯುವ ಬಾಣಲೆ ಬಿಡಿಸಿ, ಕೆಟ್ಟದ್ದು ಬೇರೆ ಮಾಡಿ ಒಳ್ಳೆ ಗೂಡು ಆರಿಸುವ ಕಡೆ ಕೂರಿಸಿ ಎಂದಷ್ಟೇ ಅವಳು ಕೇಳಿದ್ದು. ಮೇಸ್ತ್ರಿ ಆಂಜಿನಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಬೀಗದ ಕೈ ಗೊಂಚಲನ್ನು ಅವಳ ಮುಂದೆ ಎಸೆಯುತ್ತಿದ್ದ. ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಹಿಡಿಸುತ್ತಾರಲ್ಲ, ಅದರ ಅಣಕ.

"ಇಡ್ಕೊಳ್ಳಮ್ಮಿ, ಇವತ್ತು ಎಷ್ಟೊತ್ಗೆ ಬೀಳ್ತೀಯ?"

ಎಲ್ಲರೂ ನಗುತ್ತಿದ್ದರಂತೆ. ಥೂ!

ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನನ್ನ ಹತ್ತಿರ ಬರುವ ಮೊದಲೇ ಅವಳು ಜಯರಾಮಪ್ಪನಿಗೆ ಕೊಟ್ಟಿದ್ದಳು. ಅವನು "ನೋಡಾಣ" ಎಂದು ಡ್ರಾಯರಿಗೆ ಹಾಕಿಕೊಂಡಿದ್ದ. ನಕಲು ಎಲ್ಲಿ ಎಂದು ಕೇಳಿದೆ.

"ಸಾವ್ಕಾರ್ರ ಕೈಗೇ ಕೊಟ್ಮೇಲೆ ನಕಲು ಯಾಕಣ್ಣಾ? ಅವರನ್ನ ನಂಬ್ನಿಲ್ಲ ಅಂದಂಗಾಗಲ್ವಾ?"

ಬೈದೆ. ಇನ್ನೊಂದು ಚೀಟಿ ತರಿಸಿದೆ. ಬೆಂಕಿ, ಕುದಿಯುವ ನೀರಿನ ಹತ್ತಿರ ಕೆಲಸ ಕೂಡದು ಎಂದು ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು. ಕಾರ್ಬನ್ ಇಟ್ಟು ಜಯರಾಮಪ್ಪನಿಗೆ ಅರ್ಜಿ ಬರೆದೆ. ನಕಲಿನ ಮೇಲೆ ತಲುಪಿತೆಂದು ಸಹಿ ಹಾಕಲು ಕಾರ್ಖಾನೆಯವರು ಒಪ್ಪಲಿಲ್ಲ. ಚೀಟಿಯ ನಕಲನ್ನೂ ಸೇರಿಸಿ, ಸ್ವೀಕೃತಿ ಕಾರ್ಡು ಲಗತ್ತಿಸಿ ರಿಜಿಸ್ಟರ್ಡ್ ಅಂಚೆಗೆ ಹಾಕಿಸಿದೆ. ಯಾವ ತಾರೀಕು, ಯಾರು ಏನಂದರು, ಪಕ್ಕದಲ್ಲಿ ಯಾರಿದ್ದರು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಅಂದಂದೇ ಬರೆದಿಡು ಎಂದೆ. ನಾಲ್ಕನೇ ಕ್ಲಾಸು ಓದಿದವಳು, 'ಮೇಸ್ತ್ರಿ ತಮಾಷೆ ಮಾಡಿದರು' ಎಂದು ಬರೆದುಕೊಂಡು ಬಂದಳು.

"ತಮಾಷೆ ಅಂತ ಬರೀಬೇಡಮ್ಮ. ಅವನು ಅಂದ ಮಾತನ್ನೇ ಬರಿ."

"ಬರೆಯೋಕೂ ನಾಚ್ಕೆ ಆಗ್ತದಣ್ಣಾ."

ಅಳುತ್ತಲೇ ಬರೆದಳು. ಪಕ್ಕದ ಬಾಣಲೆಯ ಕನಕಮ್ಮ ಸಾಕ್ಷಿ ಹೇಳಲು ಒಪ್ಪಿದಳು.

"ಬಾಣಲೆ ಮುಂದೆ ಕೂರೋಕೆ ಭಯ ಆಗ್ತದೆ. ಮನೇಲಿದ್ದುಬಿಡ್ಲಾ?" ಎಂದು ಮುನಿನಾರಾಯಣಮ್ಮ ಕೇಳಿದಳು.

"ಉತ್ತರ ಬರೋವರೆಗೂ ಓಗ್ತಾ ಇರಮ್ಮ. ಬಿಟ್ರೆ, ತಾನೇ ಕೆಲಸ ಬಿಟ್ಟೋದ್ಳು ಅಂತಾರೆ. ಕೇಸು ಸಡಿಲ ಆಗ್ತದೆ. ಇದ್ರೆ, ಗೂಡು ಆರಿಸೋ ಕಡೆ ಆಕ್ತೀನಿ ಅಂತ ಬರೆದು ಕೊಡಲೇಬೇಕು" ಎಂದೆ. ಅವಳು ನನ್ನ ಮಾತು ನಂಬಿ ಹೋದಳು.

ಜಯರಾಮಪ್ಪ ಸಹಿ ಹಾಕಿದ ಕಾರ್ಡು ವಾಪಸು ಬಂತು. ಅವನು ಸಹಿ ಹಾಕಿದ ಆರನೇ ದಿನ ಮುನಿನಾರಾಯಣಮ್ಮ ಮೂರ್ಛೆ ಬಂದು ಎರಡೂ ಕೈ ಬಾಣಲೆಯೊಳಗೆ ಹೋಗುವಂತೆ ಬಿದ್ದಳು.

"ಇವಳಿಗೆ ಕಾಯಿಲೆ ಅಂತ ನಂಗೆ ಗೊತ್ತೇ ಇಲ್ಲ ಸ್ವಾಮಿ" ಎಂದ ಜಯರಾಮಪ್ಪ, ಲೇಬರ್ ಆಫೀಸರ ಮುಂದೆ. ನಾನು ಕಾರ್ಡು, ನಕಲು, ಅವಳ ಪುಸ್ತಕ ಇಟ್ಟೆ. ಕನಕಮ್ಮ ಹೆದರದೆ ಹೇಳಿದಳು. ಆಮೇಲೆ ಜಯರಾಮಪ್ಪ ಆಸ್ಪತ್ರೆ ಖರ್ಚು ಕೊಡಲು ಒಪ್ಪಿದ, ಗೂಡು ಆರಿಸುವ ಕಡೆ ಹಾಕುತ್ತೇನೆಂದು ಬರೆದೂ ಕೊಟ್ಟ.

ಮುನಿನಾರಾಯಣಮ್ಮ ಆ ಕಾಗದ ಹಿಡಿಯಲು ಕೈ ಚಾಚಿದಳು. ಸುಟ್ಟ ಗಾಯ ಮಾಗಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮುದುಡಿದ್ದವು. ಆ ಬೆರಳಲ್ಲಿ ಗೂಡು ಆರಿಸುವುದು ಹೇಗೆ? ಕಾಗದ ನೆಲಕ್ಕೆ ಬಿತ್ತು. ನಾನೇ ಎತ್ತಿ ಅವಳ ಸೆರಗಿಗೆ ಕಟ್ಟಿದೆ.

"ನೀನು ಅಂದಂಗೇ ಆಯ್ತಲ್ಲಣ್ಣಾ" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ.