ಷರಾದ ಎರಡನೇ ಸಾಲು

ಮಸ್ಕಿಯ ನಮ್ಮ ಕಚೇರಿಯಲ್ಲಿ ಒಬ್ಬ ಹುಡುಗಿಯ ನೌಕರಿ ಹೋಯಿತು. ಹೊರಗುತ್ತಿಗೆಯ ಕಂಪ್ಯೂಟರ್ ಕೆಲಸ ಅವಳದು, ಕಾಯಂ ಅಲ್ಲ. ಆದರೂ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ನಾನು ನನ್ನ ಇಡೀ ಸರ್ವೀಸಿನಲ್ಲಿ ಕಂಡಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ. ಮುದುಕಿಯಾದೆ, ಬಿ.ಪಿ. ಇದೆ, ಸಿಟ್ಟು ಬೇಡ ಅಂತಾರೆ ಮನೆಯಲ್ಲಿ. ಬೇಡವೆಂದರೆ ಹೋಗುವಂಥದ್ದಲ್ಲ ಇದು.

ನಾನು ದಿನಾ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಟೇಬಲ್ಲಿನ ಎದುರೇ ಪ್ರಿಂಟರ್, ಅದರ ಪಕ್ಕ ಅವಳ ಕುರ್ಚಿ. ಬಂದ ಹೊಸತರಲ್ಲಿ ಅವಳಿಗೆ ನಾನು ಕಲಿಸಿದ್ದು ಒಂದೇ ಪಾಠ: ಬಟನ್ ಒತ್ತುವ ಮೊದಲು ಪುಟ ನೋಡು. ಟೈಪು ಯಾರಾದರೂ ಮಾಡುತ್ತಾರೆ, ನೋಡುವವರೇ ಇರುವುದಿಲ್ಲ. ತಲೆಬರಹದ ಸಾಲು ಪ್ರತಿ ಪುಟದಲ್ಲೂ ಬಂದಿದೆಯೋ, ಇಲ್ಲದಿದ್ದರೆ ಎರಡನೇ ಪುಟದಲ್ಲಿ ಯಾವ ಕಾಲಂ ಯಾವುದು ಅಂತ ದೇವರಿಗೂ ತಿಳಿಯುವುದಿಲ್ಲ. ಬಲಗಡೆಯ ಕೊನೆಯ ಕಾಲಂ ಹಾರಿ ಬೇರೆ ಪುಟಕ್ಕೆ ಹೋಗಿದೆಯೋ. ಕಾಲಂ ಇಕ್ಕಟ್ಟಾಗಿ ತಾರೀಖಿನ ಜಾಗದಲ್ಲಿ ಬರೀ ಬೇಲಿಯಂಥ ##### ಗುರುತುಗಳು ಕೂತಿವೆಯೋ. ಎಡಗಡೆ ಟ್ಯಾಗ್ ಪೋಣಿಸಲು ಜಾಗ ಬಿಟ್ಟಿದೆಯೋ, ಇಲ್ಲವಾದರೆ ಪಂಚಿಂಗ್ ಮಷೀನು ಕ್ರಮ ಸಂಖ್ಯೆಯನ್ನೇ ತಿಂದುಹಾಕುತ್ತದೆ. ಸಾಹೇಬರ ಸಹಿಯ ಜಾಗವೊಂದೇ ಕೊನೆಯ ಪುಟದಲ್ಲಿ ಅನಾಥವಾಗಿ ನಿಂತಿದೆಯೋ.

ಅವಳು ಇದನ್ನೆಲ್ಲ ತನ್ನ ಮಾತಿನಲ್ಲಿ ಪಟ್ಟಿಯಾಗಿ ಟೈಪು ಮಾಡಿ, ಮಾನಿಟರಿನ ಕೆಳಗೆ ಅಂಟಿಸಿಕೊಂಡಳು. ನಾನು ಹೇಳದ್ದನ್ನೂ ಸೇರಿಸಿದಳು. ಉದ್ದದ ಲೀಗಲ್ ಕಾಗದಕ್ಕೆ ಹೊಂದಿಸಿದ್ದನ್ನು ಎ-ಫೋರ್ ಹಾಕಿ ಹೊಡೆದರೆ ಕೆಳಗಿನ ಸಾಲು ಕತ್ತರಿಸಿ ಹೋಗುತ್ತದೆ ಅನ್ನುವುದು ಅವಳದೇ. ಬೆರಳಿಟ್ಟು ಒಂದೊಂದನ್ನೇ ಓದಿ ಆಮೇಲೆ ಪ್ರಿಂಟ್ ಕೊಡುತ್ತಿದ್ದಳು. ಪೂಜೆ ಮುಗೀತೇನವ್ವ ಅಂತ ನಾವು ಕಾಡಿಸುತ್ತಿದ್ದೆವು.

ನಮ್ಮ ಸಾಹೇಬರದು ಒಂದು ಹಟವಿತ್ತು. ಮೀಟಿಂಗಿಗೆ ಒಯ್ಯುವ ವರದಿ ಎಷ್ಟೇ ದೊಡ್ಡದಿರಲಿ, ಒಂದೇ ಪುಟದಲ್ಲಿ ಇರಬೇಕು. ಮೇಲಿನವರು ಪುಟ ತಿರುವುವುದಿಲ್ಲ ಅನ್ನುವುದು ಅವರ ಅನುಭವ. ಅಕ್ಷರ ಸಣ್ಣ ಮಾಡಿದರೆ ಅವರಿಗೇ ಕಾಣುವುದಿಲ್ಲ, ಚಾಳೀಸು ಕನ್ನಡಕ ತರಲು ಮರೆಯುತ್ತಾರೆ. ಹೀಗಾಗಿ ಕೋಷ್ಟಕದ ಎಲ್ಲ ಅಡ್ಡಸಾಲುಗಳ ಎತ್ತರವನ್ನು ಒಂದೇ ಅಳತೆಗೆ ತಗ್ಗಿಸಿ ಒತ್ತಿಬಿಡುವುದು ನಮ್ಮಲ್ಲಿ ರೂಢಿಯಾಗಿತ್ತು.

ಆ ಮಳೆಗಾಲ ಮುಗಿದ ಮೇಲೆ ಶಾಲಾ ಕೋಣೆಗಳ ಸ್ಥಿತಿಗತಿಯ ವರದಿ ಬಂತು. ಊರು, ಶಾಲೆ, ಕೋಣೆ, ಕೊನೆಗೆ ಷರಾ. ಕಚೇರಿಯ ಮಾತಿನಲ್ಲಿ ಷರಾ ಎಂದರೆ ಆ ಸಾಲಿನ ಬಗ್ಗೆ ಹೇಳಬೇಕಾದ ನಿಜವಾದ ಮಾತು. ಮಿಕ್ಕಿದ್ದೆಲ್ಲ ವಿಳಾಸ. ನಾಲೆಯ ಕಡೆಯ ಒಂದು ಊರಿನ ಶಾಲೆಯ ಕೋಣೆಗೆ ಇಂಜಿನಿಯರ್ ಬರೆದುಕೊಟ್ಟಿದ್ದ ಷರಾ ಎರಡು ಸಾಲಿನದು. ಛಾವಣಿ ದುರಸ್ತಿ ಆಗಿದೆ ಎಂದು ಮೊದಲ ಸಾಲು. ಹಿಂಬದಿ ಗೋಡೆ ಬಿರುಕು ಬಿಟ್ಟಿದೆ, ಕೋಣೆ ಬಳಸಬಾರದು ಎಂದು ಎರಡನೇ ಸಾಲು. ಅವಳು ಎರಡನ್ನೂ ಟೈಪು ಮಾಡಿದಳು, ಪಟ್ಟಿಯ ಪ್ರಕಾರ ಪುಟ ನೋಡಿದಳು. ಎಲ್ಲ ಸರಿಯಿತ್ತು. ಎರಡು ಪುಟ ಬಂದಿತ್ತು.

ಸಾಹೇಬರು ಸಿಂಧನೂರಿನ ಮೀಟಿಂಗಿಗೆ ಹೊರಟು ಜೀಪಿನ ಹತ್ತಿರ ನಿಂತಿದ್ದರು. ಅವಳು ಒಯ್ದುಕೊಟ್ಟ ಎರಡು ಪುಟ ಕಂಡು ಒಳಗೆ ಬಂದರು. ನಾನು ಅಲ್ಲೇ ಇದ್ದೆ.

"ಒಂದ ಪೇಜಿನ್ಯಾಗ ತಾ ಅಂದೀನಿ. ಅಕ್ಷರ ಸಣ್ಣ ಮಾಡಬ್ಯಾಡ. ಏನರ ಮಾಡು, ಲಗೂನ ಮಾಡು."

ಅವಳು ಅಡ್ಡಸಾಲುಗಳನ್ನೆಲ್ಲ ಆಯ್ದು ಎತ್ತರ ತಗ್ಗಿಸಿದಳು. ಇನ್ನೊಮ್ಮೆ ನೋಡತೀನ್ರಿ ಸರ್ ಅಂದಳು. ನೋಡುವುದೇನೂ ಬೇಡ, ಈಗಷ್ಟೇ ನೋಡಿದ್ದೀಯಲ್ಲ ಎಂದು ಅವರು ಟ್ರೇಯಿಂದ ಹಾಳೆ ಎಳೆದುಕೊಂಡು ನಡೆದರು. ಎತ್ತರ ತಗ್ಗಿದ ಅಡ್ಡಸಾಲಿನಲ್ಲಿ ಷರಾದ ಎರಡನೇ ಸಾಲಿನ ಅಕ್ಷರ ಅಳಿಸುವುದಿಲ್ಲ, ಅಡಗುತ್ತದೆ. ಕಂಪ್ಯೂಟರಿನಲ್ಲಿ ಇರುತ್ತದೆ, ಕಾಗದದ ಮೇಲೆ ಇರುವುದಿಲ್ಲ. ಮೀಟಿಂಗಿನಲ್ಲಿ ಓದಿದ್ದು ಇಷ್ಟೇ: ಛಾವಣಿ ದುರಸ್ತಿ ಆಗಿದೆ.

ದುರಸ್ತಿಯಾದ ಕೋಣೆಗೆ ಯಾಕೆ ಬೀಗ ಹಾಕಿದ್ದೀರಿ ಎಂದು ಶಾಲೆಗೆ ಪತ್ರ ಹೋಯಿತು. ಬಿರುಕು ಕಂಡು ಬೀಗ ಹಾಕಿದ್ದ ಹೆಡ್ ಮಾಸ್ತರರು ಮಕ್ಕಳನ್ನು ಕೂರಿಸಲು ಹೆದರಿದರು, ಪತ್ರಕ್ಕೂ ಹೆದರಿದರು. ಬೀಗ ತೆಗೆಸಿ ಬಿಸಿಯೂಟದ ಅಕ್ಕಿ ಚೀಲ ಇಡಿಸಿದರು. ಒಂದು ಬೆಳಿಗ್ಗೆ ಅಡುಗೆಯ ಅಕ್ಕ ಅಕ್ಕಿ ಅಳೆಯಲು ಒಳಗೆ ಹೋದಾಗ ಗೋಡೆ ಬಿತ್ತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಹಾಳೆಯನ್ನೂ ಕಂಪ್ಯೂಟರನ್ನೂ ಜೊತೆಗಿಟ್ಟು ನೋಡಿದರು. ಎರಡನೇ ಸಾಲು ಕಂಪ್ಯೂಟರಿನಲ್ಲಿದೆ, ಹಾಳೆಯಲ್ಲಿಲ್ಲ. ಪ್ರಿಂಟ್ ತೆಗೆದವರು ಯಾರು ಎಂದು ಕೇಳಿದರು. ಅವಳು ಎದ್ದು ನಿಂತಳು. ನಾನೂ ಎದ್ದೆ. ಒಂದೇ ಪುಟ ಬೇಕೆಂದು ಅವಸರ ಮಾಡಿದವರು ಸಾಹೇಬರು, ಅವಳು ಮತ್ತೆ ನೋಡುತ್ತೇನೆ ಅಂದರೂ ಬಿಡಲಿಲ್ಲ ಎಂದು ಸಾಹೇಬರ ಎದುರಿಗೇ ಹೇಳಿದೆ. ಆ ಆದೇಶ ಬರಹದಲ್ಲಿದೆಯೇ ಎಂದು ಅಧಿಕಾರಿ ಕೇಳಿದರು. ಇಂಥದ್ದನ್ನು ಯಾರಾದರೂ ಬರೆದು ಕೊಡುತ್ತಾರೆಯೇ? ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ಹೇಳಿಕೆ ಬರೆದುಕೊಂಡರು, ಸಹಿ ಮಾಡಿಸಿಕೊಂಡರು, ಅದರಿಂದ ಏನೂ ಆಗಲಿಲ್ಲ. ಅವಳನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಗೆ ಒಂದು ಫೋನು ಹೋಯಿತು. ಅವರು ಅವಳಿಗೆ ನಾಳೆಯಿಂದ ಬರಬೇಡ ಅಂದರು.

ಹೋಗುವ ಮೊದಲು ಅವಳು ಸಿಂಧನೂರಿನ ಆಸ್ಪತ್ರೆಗೆ ಹೋಗಬೇಕು ಅಂದಳು. ಬೇಡವೆಂದೆ, ಕೇಳಲಿಲ್ಲ, ನಾನೂ ಹೋದೆ. ಅಡುಗೆಯ ಅಕ್ಕ ಅಂಗಾತ ಮಲಗಿದ್ದಳು, ಕುತ್ತಿಗೆ ಮಾತ್ರ ತಿರುಗುತ್ತಿತ್ತು. ವರದಿ ಟೈಪು ಮಾಡಿದವಳು ನಾನೇ ಎಂದು ಹುಡುಗಿ ಹೇಳಿಕೊಂಡಳು. ಬೈಗುಳ ಬರುತ್ತದೆ ಅಂದುಕೊಂಡೆ.

"ಗ್ವಾಡಿದು ಬರದಿದ್ದೇನವ್ವ ನೀ?"

"ಬರದಿದ್ನಿ ಅಕ್ಕಾ."

ಆಕೆ ಹುಡುಗಿಯ ಕಡೆ ಕುತ್ತಿಗೆ ತಿರುಗಿಸಿದಳು.

"ಬರದವರೂ ಅದೀರಿ, ಓದೋರೂ ಅದಾರ. ಮತ್ತ ನಂಗ್ಯಾಕ ಯಾರೂ ಹೇಳಲಿಲ್ಲ?"

ಹೊರಗೆ ಬಂದ ಮೇಲೆ ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ನೌಕರಿ ಹೋದಾಗ ಅವಳು ಅತ್ತಿರಲಿಲ್ಲ.

ಮರುದಿನ ತನ್ನ ಸಾಮಾನು ಒಯ್ಯಲು ಬಂದವಳು, ಕಂಪ್ಯೂಟರಿನಲ್ಲಿದ್ದ ತನ್ನ ಪಟ್ಟಿಗೆ ಕೊನೆಯಲ್ಲಿ ಒಂದು ಸಾಲು ಸೇರಿಸಿ ಹೋದಳು: ಎತ್ತರ ತಗ್ಗಿಸಿದ ಮೇಲೆ ಷರಾದ ಪ್ರತಿ ಸಾಲೂ ಪೂರ್ತಿ ಕಾಣುತ್ತಿದೆಯೇ, ಮತ್ತೊಮ್ಮೆ ನೋಡಿ.

ಸ್ವಲ್ಪ ದಿನದಲ್ಲಿ ಮೇಲಿನಿಂದ ಸೂಚನೆ ಬಂತು, ಮುದ್ರಣಕ್ಕೆ ಮುನ್ನ ಪರಿಶೀಲಿಸುವ ಅಂಶಗಳನ್ನು ಗೋಡೆಗೆ ಹಚ್ಚಬೇಕೆಂದು. ಸಾಹೇಬರು ಅವಳ ಪಟ್ಟಿಯನ್ನೇ ತೆಗೆಸಿದರು. ಅವಳ ಜಾಗಕ್ಕೆ ಬಂದ ಹೊಸಬ ಅದರ ಕೆಳಗೆ ಸಹಿಗೆ ಜಾಗ ಮಾಡಿ ಪ್ರಿಂಟ್ ಹೊಡೆಯಹೊರಟರೆ ಎರಡು ಪುಟವಾಯಿತು. ಒಂದೇ ಪುಟ ಬೇಕು ಎಂಬ ಮಾತು ಒಳಗಿನಿಂದ ಕೇಳಿಸಿತು. ಅವನು ಲೀಗಲ್ ಅಳತೆಗೆ ಹೊಂದಿಸಿದ, ಟ್ರೇಯಲ್ಲಿ ಎ-ಫೋರ್ ಇತ್ತು. ಬುಡ ಕತ್ತರಿಸಿ ಬಂತು. ಸಹಿಯ ಜಾಗವೂ ಹೋಗಿದ್ದರಿಂದ ಸಾಹೇಬರು ಕೆಳಗಿನ ಅಂಚಿನಲ್ಲೇ ಸಹಿ ಮಾಡಿದರು, ಸೀಲು ಬಿತ್ತು, ಗಮ್ ಹಚ್ಚಿ ಗೋಡೆಗೆ ಅಂಟಿಸಿದರು. ಅವಳ ಕೊನೆಯ ಸಾಲು ಅದರಲ್ಲಿ ಇರಲಿಲ್ಲ.

ನಾನು ಕುರ್ಚಿ ಎಳೆದು ಹತ್ತಿ, ಸಾಹೇಬರ ಸಹಿಯ ಮೇಲೆಯೇ, ಆ ಸಾಲನ್ನು ಕೆಂಪು ಪೆನ್ನಿನಿಂದ ಬರೆದೆ. ಯಾರೂ ಬೇಡವೆನ್ನಲಿಲ್ಲ. ನಾನು ನಿವೃತ್ತಳಾಗುವವರೆಗೂ ಅದು ಅಲ್ಲೇ ಇತ್ತು, ಅದನ್ನು ಯಾರೂ ನಿಂತು ಓದಿದ್ದನ್ನು ನಾನು ನೋಡಲಿಲ್ಲ.